ಸಬ್ರ್ ಅಂದರೆ ಅಳಬೇಡ ಅಂತಲ್ಲ

ಪ್ರೀತಿಯ ಗೆಳೆಯಾ,

ಅಸ್ಸಲಾಮು ಅಲೈಕುಮ್.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನಿನ್ನ ಅಬ್ಬಾ ಅವರನ್ನು ದಫನ್ ಮಾಡಿ ಬರುವಾಗ ನೀನು ಖಬರಸ್ಥಾನದ ಗೇಟಿನ ಹತ್ತಿರ ನಿಂತು ಅಳುತ್ತಿದ್ದೆ. ಹಿರಿಯರೊಬ್ಬರು ಭುಜ ಹಿಡಿದು, 'ಅಳಬೇಡ, ಸಬ್ರ್ ಮಾಡು' ಅಂದರು. ಅಲ್ಲಿಂದ ಅಳು ಗಂಟಲಲ್ಲೇ ನಿಂತುಬಿಟ್ಟಿದೆ ಅಂದೆ. 'ನನಗೆ ಸಬ್ರ್ ಇಲ್ಲವೇನೋ' ಅಂತಲೂ ಅಂದೆ. ಅದಕ್ಕೇ ಈ ಪತ್ರ.

ಅವರು ಪ್ರೀತಿಯಿಂದಲೇ ಹೇಳಿದ್ದಾರೆ, ಬೇಜಾರು ಮಾಡಿಕೊಳ್ಳಬೇಡ. ಸಬ್ರ್ ಅಂದರೆ ತಾಳ್ಮೆ ಅನ್ನುತ್ತೇವೆ, ಆದರೆ ಆ ಪದಕ್ಕೆ ಅಷ್ಟೇ ಅರ್ಥ ಅಲ್ಲ. ಅರಬ್ಬಿಯಲ್ಲಿ ಸಬ್ರ್ ಅಂದರೆ ಮೂಲದಲ್ಲಿ ಹಿಡಿದಿಡುವುದು, ಕಟ್ಟಿ ನಿಲ್ಲಿಸುವುದು. ಹಿಡಿದಿಡಬೇಕಾದದ್ದು ಏನನ್ನು? 14ನೇ ಶತಮಾನದಲ್ಲಿ ದಮಾಸ್ಕಸ್‌ನಲ್ಲಿದ್ದ ವಿದ್ವಾಂಸ ಇಬ್ನುಲ್ ಖಯ್ಯಿಮ್ ಇದನ್ನು ಬಿಡಿಸಿ ಹೇಳಿದ್ದಾರೆ. ಮನಸ್ಸು ಕೈಚೆಲ್ಲದ ಹಾಗೆ ಹಿಡಿಯಬೇಕು. ನಾಲಿಗೆ ದೇವರನ್ನು ದೂರದ ಹಾಗೆ ಹಿಡಿಯಬೇಕು. ಕೆನ್ನೆ ಬಡಿದುಕೊಳ್ಳದ ಹಾಗೆ, ಬಟ್ಟೆ ಹರಿದುಕೊಳ್ಳದ ಹಾಗೆ ಕೈ ಹಿಡಿಯಬೇಕು. ಮನಸ್ಸು, ನಾಲಿಗೆ, ಕೈ. ಕಣ್ಣಿನ ಮಾತೇ ಅಲ್ಲಿ ಬರುವುದಿಲ್ಲ, ನೋಡು.

ಬುಖಾರಿಯ ಹದೀಸ್ ಸಂಗ್ರಹದಲ್ಲಿ ಪ್ರವಾದಿಯವರ ಒಂದು ಪ್ರಸಂಗ ಇದೆ. ಪ್ರವಾದಿಯವರ ಮಗಳೊಬ್ಬರ ಮಗು ಸಾಯುವ ಸ್ಥಿತಿಯಲ್ಲಿರುತ್ತದೆ. ಮಗಳು ತಂದೆಗೆ ಹೇಳಿಕಳುಹಿಸುತ್ತಾರೆ. ಪ್ರವಾದಿ ಸಲಾಮ್ ಹೇಳಿ ಹೀಗೆ ತಿಳಿಸುತ್ತಾರೆ: ಅಲ್ಲಾಹನು ತೆಗೆದುಕೊಂಡದ್ದೂ ಅವನದೇ, ಕೊಟ್ಟದ್ದೂ ಅವನದೇ, ಪ್ರತಿಯೊಂದಕ್ಕೂ ಒಂದು ಗಡುವು ಇದೆ, ಅವಳು ಸಬ್ರ್ ಮಾಡಲಿ. ನಿನಗೆ ಆ ಹಿರಿಯರು ಹೇಳಿದ ಮಾತೇ ಅಲ್ವಾ? ಆದರೆ ಮಗಳು ಬಿಡುವುದಿಲ್ಲ. ಬರಲೇಬೇಕು ಅಂತ ಆಣೆ ಹಾಕಿ ಮತ್ತೆ ಹೇಳಿಕಳುಹಿಸುತ್ತಾರೆ. ಪ್ರವಾದಿ ಎದ್ದು ಹೋಗುತ್ತಾರೆ. ಮಗುವನ್ನು ಅವರ ಕೈಗೆ ಕೊಡುತ್ತಾರೆ. ಅದರ ಉಸಿರು ಮೇಲೆ ಕೆಳಗೆ ಆಗುತ್ತಿರುತ್ತದೆ. ಪ್ರವಾದಿಯವರ ಕಣ್ಣಿಂದ ನೀರು ಇಳಿಯುತ್ತದೆ. ಜೊತೆಗಿದ್ದ ಸಅದ್ ಬಿನ್ ಉಬಾದಾ ಬೆರಗಾಗಿ ಕೇಳುತ್ತಾರೆ: 'ಇದೇನಿದು?' ಆಗ ಬಂದ ಉತ್ತರ: ಇದು ರಹ್ಮತ್, ಅಲ್ಲಾಹನು ತನ್ನ ದಾಸರ ಹೃದಯದಲ್ಲಿ ಇಟ್ಟ ಕರುಣೆ.

ಸಬ್ರ್ ಮಾಡು ಅಂದವರೇ ಅತ್ತರು, ಗೆಳೆಯಾ. ಅದೇ ಮಗುವಿಗಾಗಿ.

ಕುರಾನಿನ ಯೂಸುಫ್ ಸೂರಾದಲ್ಲಿ ಬರುವ ಯಾಕೂಬರನ್ನೂ ನೆನಪಿಸಿಕೋ. ಉಳಿದ ಮಕ್ಕಳು ಮಗ ಯೂಸುಫರ ಅಂಗಿಗೆ ಸುಳ್ಳು ರಕ್ತ ಹಚ್ಚಿ ತಂದಾಗ ಅವರು 'ಸಬ್ರುನ್ ಜಮೀಲ್' ಅಂದರು, ಚೆಂದದ ಸಬ್ರ್. ಅದೇ ಸೂರಾದಲ್ಲಿ ಮುಂದೆ ದುಃಖದಿಂದ ಅವರ ಕಣ್ಣು ಬೆಳ್ಳಗಾದವು ಅಂತ ಇದೆ. ನನ್ನ ಸಂಕಟವನ್ನು ಅಲ್ಲಾಹನಿಗೇ ಹೇಳಿಕೊಳ್ಳುತ್ತೇನೆ ಅಂತ ಅವರೇ ಹೇಳುತ್ತಾರೆ. ಅವನ ಮೇಲೆ ದೂರುವುದು ಬೇರೆ, ಅವನ ಹತ್ತಿರ ಹೇಳಿಕೊಳ್ಳುವುದು ಬೇರೆ.

ಇಲ್ಲಿ ಮಸ್ಕತ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಜೋರ್ಡಾನಿನವನೊಬ್ಬನಿದ್ದಾನೆ. ನಿನ್ನ ಅಬ್ಬಾ ತೀರಿಕೊಂಡ ಸುದ್ದಿ ಹೇಳಿದೆ. ಕೈಲಿದ್ದ ಚಹಾ ಲೋಟ ಕೆಳಗಿಟ್ಟು, 'ಅಲ್ಲಾಹ್ ಯಿಸಬ್ಬ್ರೊ' ಅಂದ. ಅಲ್ಲಾಹ್ ಅವನಿಗೆ ಸಬ್ರ್ ಕೊಡಲಿ ಅಂತ. ಆ ಮಾತು ನನಗೆ ತುಂಬಾ ಹಿಡಿಸಿತು. ಅದರಲ್ಲಿ ಹೊರೆ ನಿನ್ನ ತಲೆಯ ಮೇಲಿಲ್ಲ. ಸಬ್ರ್ ನೀನು ಎಲ್ಲಿಂದಲೋ ಹೊಂದಿಸಿ ತರಬೇಕಾದ್ದಲ್ಲ, ನಿನಗಾಗಿ ಬೇರೆಯವರು ಬೇಡಿಕೊಳ್ಳುವಂಥದ್ದು.

'ಅಸ್ಸಬ್ರು ಮಿಫ್ತಾಹುಲ್ ಫರಜ್', ಸಬ್ರ್ ಬಿಡುಗಡೆಯ ಕೀಲಿಕೈ ಅನ್ನುವ ಗಾದೆ ನಿನಗೆ ಗೊತ್ತೇ ಇದೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಇನ್ನೊಂದು: ಸಬ್ರ್ ತನ್ನ ಹೆಸರಿನ ಹಾಗೇ ಕಹಿ, ಕೊನೆ ಮಾತ್ರ ಜೇನಿಗಿಂತ ಸಿಹಿ. ಹೆಸರಿನ ಹಾಗೆ ಯಾಕೆ ಅಂದರೆ, ಅವೇ ಅಕ್ಷರಗಳಲ್ಲಿ ಬರೆಯುವ 'ಸಬಿರ್' ಅಂದರೆ ಲೋಳೆಸರದ ಕಹಿ ರಸ. ಅದನ್ನು ಒಣಗಿಸಿದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಮುಸಂಬರ. ಆ ಹೆಸರೂ ಇದೇ ಮೂಲದಿಂದ ಬಂದದ್ದು. ಮಗುವಿಗೆ ಮೊಲೆಹಾಲು ಬಿಡಿಸಲು ನಮ್ಮ ಅಜ್ಜಿ ಅದನ್ನು ತೇಯ್ದು ಹಚ್ಚಿಸುತ್ತಿದ್ದರು. ನಾನೊಮ್ಮೆ ಆ ಕಪ್ಪು ತುಂಡನ್ನು ಬೆಲ್ಲ ಅಂದುಕೊಂಡು ನೆಕ್ಕಿದ್ದೆ. ನೀರು ಕುಡಿದೆ, ಸಕ್ಕರೆ ತಿಂದೆ, ಸಂಜೆಯವರೆಗೂ ನಾಲಿಗೆಯ ಕಹಿ ಹೋಗಲಿಲ್ಲ. ಆ ಗಾದೆ ಕಟ್ಟಿದವರು ಕಹಿಯನ್ನು ಮುಚ್ಚಿಡಲಿಲ್ಲ. ಕಹಿಯನ್ನೇ ಮೊದಲು ಹೇಳಿದರು.

ಅಮ್ಮಿಯ ಶೋಕದ ಅವಧಿ, ಇದ್ದತ್, ಮುಗಿಯಲು ಇನ್ನೂ 3 ತಿಂಗಳ ಮೇಲಿದೆ ಅಂದೆಯಲ್ಲ. ಅವರು ಅಳುವಾಗ ಪಕ್ಕದಲ್ಲಿ ಸುಮ್ನೆ ಕೂತಿರು, ಏನೂ ಹೇಳಬೇಡ. ನಿನಗೂ ಅಳು ಬಂದರೆ ಎದ್ದು ಹೋಗಬೇಡ. ನಾಳೆ ಇಶಾ ನಮಾಜ್ ಆದ ಮೇಲೆ ಫೋನ್ ಮಾಡುತ್ತೇನೆ. ಮಾತು ಬರದಿದ್ದರೂ ಪರವಾಗಿಲ್ಲ, ಎತ್ತು.

ಅಲ್ಲಾಹ್ ಯಿಸಬ್ಬಿರಕ್.

ನಿನ್ನ ಗೆಳೆಯ