ಡೆಬಿಟ್ ಕಾರ್ಡ್ ಮಾರಾಟದ ಮೇಲೆ ಮಿತಿ ಮೀರಿದ ಎಂಡಿಆರ್ ಕಡಿತ: ಹಣ ವಾಪಸು ಕೋರಿ ದೂರು

ಇವರಿಗೆ,
ಮುಖ್ಯಸ್ಥರು, ವ್ಯಾಪಾರಿ ಸೇವಾ ವಿಭಾಗ
(ನಮ್ಮ ಅಂಗಡಿಗೆ ಸ್ವೈಪ್ ಮಷಿನ್ ಕೊಟ್ಟಿರುವ ಬ್ಯಾಂಕ್)

ಇವರಿಂದ,
ಮಾಲೀಕರು, ಸೀರೆ ಮತ್ತು ಖಣದ ಅಂಗಡಿ
ಬೆಟಗೇರಿ, ಗದಗ

ಮಾನ್ಯರೇ,

ಏಳು ತಿಂಗಳ ಹಿಂದೆ ನಿಮ್ಮ ಪ್ರತಿನಿಧಿ ನಮ್ಮ ಅಂಗಡಿಗೆ ಬಂದು ಕಾರ್ಡ್ ಮಷಿನ್ ಕೂಡ್ರಿಸಿ ಹೋದರು. ಅವತ್ತು ಅವರು ಹೇಳಿದ ಎಂಡಿಆರ್, ಅಂದರೆ ಪ್ರತಿ ಕಾರ್ಡ್ ಮಾರಾಟಕ್ಕೆ ವ್ಯಾಪಾರಿಯಿಂದ ಹಿಡಿದುಕೊಳ್ಳುವ ಶುಲ್ಕದ ದರ ಒಂದೇ: ಯಾವ ಕಾರ್ಡ್ ಆದರೂ ನೂರಕ್ಕೆ 1.80, ಅದರ ಮೇಲೆ ಜಿಎಸ್‌ಟಿ. ನನಗೆ ಆಗ ಇದರ ಒಳಗು ಹೊರಗು ಗೊತ್ತಿರಲಿಲ್ಲ, ಸಹಿ ಮಾಡಿದೆ. ಗಿರಾಕಿಗಳು ಕಾರ್ಡ್ ಕೊಡುವುದು ಹೆಚ್ಚಾದ ಮೇಲೆ ಖಾತೆಗೆ ಜಮಾ ಆಗುವ ರೊಕ್ಕಕ್ಕೂ ನನ್ನ ಬಿಲ್ ಪುಸ್ತಕಕ್ಕೂ ತಾಳೆ ಆಗದೆ, ಸ್ಲಿಪ್ಪುಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಆಗ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ತಿಂಗಳ ಒಂದು ಶನಿವಾರದ ಲೆಕ್ಕವನ್ನೇ ತೆಗೆದುಕೊಳ್ಳಿ. ಅವತ್ತು ಮೂರು ಕಾರ್ಡ್ ಉಜ್ಜಿದ್ದೆ. 6,000 ರೂಪಾಯಿಯ ಸೀರೆಗೆ ವೀಸಾ ಡೆಬಿಟ್ ಕಾರ್ಡ್, 3,500 ರೂಪಾಯಿಯ ಸೀರೆಗೆ ರುಪೇ ಡೆಬಿಟ್ ಕಾರ್ಡ್, 4,500 ರೂಪಾಯಿಯ ಸೀರೆಗೆ ಕ್ರೆಡಿಟ್ ಕಾರ್ಡ್. ಒಟ್ಟು ಮಾರಾಟ 14,000. ಖಾತೆಗೆ ಬಂದದ್ದು 13,702 ರೂಪಾಯಿ 64 ಪೈಸೆ. ಅಂದರೆ 252 ರೂಪಾಯಿ ಎಂಡಿಆರ್, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 45 ರೂಪಾಯಿ 36 ಪೈಸೆ. ನೀವು ಮೂರೂ ಮಾರಾಟ ಕೂಡಿಸಿ ಒಂದೇ ಮೊತ್ತ ಜಮಾ ಮಾಡುತ್ತೀರಿ, ಕಾರ್ಡುವಾರು ವಿವರ ಕೊಡುವುದಿಲ್ಲ. ಯಾವ ಕಾರ್ಡಿಗೆ ಎಷ್ಟು ಕಡಿದಿರಿ ಎಂಬುದು ಅಂಗಡಿಯವರ ಕಣ್ಣಿಗೆ ಇಷ್ಟು ದಿನ ಬೀಳದೆ ಇರಲು ಅದೇ ಕಾರಣ.

ಈ ಮೂರರಲ್ಲಿ ಕ್ರೆಡಿಟ್ ಕಾರ್ಡಿನ ಬಗ್ಗೆ ನನ್ನ ತಕರಾರಿಲ್ಲ. ಅದಕ್ಕೆ ರಿಸರ್ವ್ ಬ್ಯಾಂಕ್ ಗರಿಷ್ಠ ದರ ನಿಗದಿ ಮಾಡಿಲ್ಲ, ಒಪ್ಪಂದದ ದರವೇ ದರ. ಹಾಗಾಗಿ 4,500ಕ್ಕೆ 95 ರೂಪಾಯಿ 58 ಪೈಸೆ ಕೊಡುತ್ತೇನೆ. ಆ ಹಣದಲ್ಲಿ ದೊಡ್ಡ ಪಾಲು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ, ಸ್ವಲ್ಪ ಕಾರ್ಡ್ ಜಾಲದ ಕಂಪನಿಗೆ, ಉಳಿದದ್ದು ನಿಮಗೆ ಹೋಗುತ್ತದೆ ಎಂಬುದೂ ಈಗ ನನಗೆ ಗೊತ್ತು.

ಡೆಬಿಟ್ ಕಾರ್ಡಿನ ಮಾತು ಬೇರೆ. ರಿಸರ್ವ್ ಬ್ಯಾಂಕಿನ 2017ರ ಡಿಸೆಂಬರ್ ಸುತ್ತೋಲೆ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ 20 ಲಕ್ಷದವರೆಗೆ ವಹಿವಾಟು ಮಾಡಿದ ಸಣ್ಣ ವ್ಯಾಪಾರಿಯಿಂದ, ಮಷಿನ್ ಮೇಲೆ ಉಜ್ಜಿದ ಡೆಬಿಟ್ ಕಾರ್ಡಿಗೆ ಶೇಕಡಾ 0.40ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಅದೂ ಒಂದು ಮಾರಾಟಕ್ಕೆ 200 ರೂಪಾಯಿ ದಾಟುವಂತಿಲ್ಲ. ನಮ್ಮ ಕಳೆದ ವರ್ಷದ ವಹಿವಾಟು 17 ಲಕ್ಷ. ಆದಾಯ ತೆರಿಗೆ ರಿಟರ್ನ್ ಪ್ರತಿಯನ್ನು ಮಷಿನ್ ಕೊಡುವಾಗಲೇ ನೀವು ತೆಗೆದುಕೊಂಡಿದ್ದೀರಿ, ಈಗ ಮತ್ತೆ ಲಗತ್ತಿಸಿದ್ದೇನೆ. ಒಂದು ವೇಳೆ ನನ್ನನ್ನು ದೊಡ್ಡ ವ್ಯಾಪಾರಿಗಳ ಸಾಲಿಗೆ ಹಾಕಿದ್ದರೂ ಗರಿಷ್ಠ ದರ ಶೇಕಡಾ 0.90. ನೀವು ಹಿಡಿದದ್ದು ಅದರ ಎರಡು ಪಟ್ಟು. ಹಾಗಾಗಿ ಇದು ವ್ಯಾಪಾರಿಯ ವರ್ಗ ತಪ್ಪಾಗಿ ನಮೂದಾದ ಮಾತ್ರಕ್ಕೆ ಆದ ತಪ್ಪಲ್ಲ. ಮಷಿನ್ನಿಗೆ ಕ್ರೆಡಿಟ್ ಕಾರ್ಡಿನ ದರವನ್ನೇ ಎಲ್ಲ ಕಾರ್ಡಿಗೂ ಹಾಕಿಟ್ಟಿದ್ದೀರಿ. ನಿಯಮದ ಪ್ರಕಾರ 6,000ದ ಸೀರೆಗೆ 24 ರೂಪಾಯಿ ಎಂಡಿಆರ್, ಜಿಎಸ್‌ಟಿ ಸೇರಿ 28 ರೂಪಾಯಿ 32 ಪೈಸೆ ಕಡಿಯಬೇಕಿತ್ತು. ಕಡಿದದ್ದು 127 ರೂಪಾಯಿ 44 ಪೈಸೆ.

ರುಪೇ ಡೆಬಿಟ್ ಕಾರ್ಡಿಗಂತೂ 2020ರ ಜನವರಿ 1ರಿಂದ ಎಂಡಿಆರ್ ಇಲ್ಲವೇ ಇಲ್ಲ. ಆದರೂ 3,500ಕ್ಕೆ 74 ರೂಪಾಯಿ 34 ಪೈಸೆ ಹಿಡಿದಿದ್ದೀರಿ. ಆ ಸ್ಲಿಪ್ಪಿನ ಮೇಲೆ ರುಪೇ ಡೆಬಿಟ್ ಎಂದು ನಿಮ್ಮದೇ ಮಷಿನ್ ಅಚ್ಚು ಹಾಕಿದೆ. ಒಂದು ದಿನದ ಮೂರು ಮಾರಾಟದಲ್ಲಿ ಹೀಗೆ ಹೆಚ್ಚಿಗೆ ಹೋದದ್ದು 173 ರೂಪಾಯಿ 46 ಪೈಸೆ.

ಈ ಮೊತ್ತ ನಿಮಗೆ ಸಣ್ಣದಾಗಿ ಕಾಣಬಹುದು. ಅದು ನನಗೆ ಎಲ್ಲಿಂದ ಹೋಗುತ್ತದೆ ಎಂಬುದನ್ನೂ ಹೇಳುತ್ತೇನೆ. ಆ 6,000ದ ಸೀರೆಯನ್ನು ಮಗ್ಗದವರಿಂದ ನಾನು 5,300ಕ್ಕೆ ತಂದದ್ದು. ನನಗೆ ಉಳಿಯುವುದು 700. ಅದರಲ್ಲೇ ಅಂಗಡಿ ಬಾಡಿಗೆ, ಕರೆಂಟ್ ಬಿಲ್, ಕೆಲಸದ ಹುಡುಗಿಯ ಪಗಾರ ಎಲ್ಲ ಹೊಂದಬೇಕು. ಎಂಡಿಆರ್ ಲೆಕ್ಕ ಹಾಕುವುದು ನನ್ನ 700ರ ಮೇಲಲ್ಲ, ಇಡೀ 6,000ದ ಮೇಲೆ. ಆದ್ದರಿಂದ ನೂರಕ್ಕೆ 1.80 ಎಂದು ಕೇಳಲು ಸಣ್ಣದಾಗಿರುವ ದರ, ನನ್ನ ಲಾಭದ ಐದನೇ ಒಂದು ಪಾಲಿನ ಹತ್ತಿರ ಒಯ್ಯುತ್ತದೆ. ನಾವು ಜಿಎಸ್‌ಟಿ ನೋಂದಣಿ ಮಿತಿಯ ಒಳಗಿರುವವರು, ನೋಂದಣಿ ಇಲ್ಲ. ದೊಡ್ಡ ಅಂಗಡಿಯವರು ನಿಮಗೆ ಕೊಟ್ಟ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು, ನನ್ನಂಥವರಿಗೆ ಆ ದಾರಿಯಿಲ್ಲ. ಆ 18 ಪರ್ಸೆಂಟೂ ನನ್ನ ಕೈಯಿಂದಲೇ ಹೋದ ರೊಕ್ಕ.

ಮಗ್ಗದವರ ಹತ್ತಿರ ನೂರು ಕಡಿಮೆ ಮಾಡಿ ಎಂದು ನಾನು ಕೇಳಲಾರೆ, ಅವರ ಕೂಲಿಯೇ ಅಷ್ಟಕ್ಕಷ್ಟೆ. ಸೀರೆಗೆ ಬೆಲೆ ಏರಿಸಿದರೆ ನಗದು ಕೊಡುವ ಗಿರಾಕಿಯೂ ಕಾರ್ಡಿನ ಖರ್ಚು ಹೊತ್ತಂತೆ ಆಗುತ್ತದೆ.

ನಿಮ್ಮ ಪ್ರತಿನಿಧಿ ಇದಕ್ಕೆ ಹೇಳಿಕೊಟ್ಟ ಉಪಾಯ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದಿದೆ. "ಅಕ್ಕಾರ, ನೀವ್ಯಾಕ ಹಾನಿ ಮಾಡ್ಕೋತೀರಿ? ಕಾರ್ಡ್ ಕೊಟ್ಟವರ ಕಡೆ ಎರಡು ಪರ್ಸೆಂಟ್ ಹೆಚ್ಚಿಗಿ ತಗೋರಿ, ಎಲ್ಲಾರೂ ಹಂಗ ಮಾಡ್ತಾರ" ಎಂದಿದ್ದರು. ನಂಬಿದೆ. ಆ ಶನಿವಾರ 6,000ದ ಸೀರೆ ಆರಿಸಿದ್ದು ನಮ್ಮ ಓಣಿಯ ಶಾಲೆಯ ಟೀಚರ್, ಮಗಳ ನಿಶ್ಚಿತಾರ್ಥಕ್ಕೆಂದು. ಕಾರ್ಡಿಗೆ 120 ರೂಪಾಯಿ ಹೆಚ್ಚಾಗುತ್ತದೆ ಎಂದಾಗ, ಅವರು ಮಷಿನ್ನಿನ ಮೇಲೆ ಇಟ್ಟ ಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡು, "ನನ್ನ ಖಾತೆದಾಗಿನ ನನ್ನ ರೊಕ್ಕ ಕೊಡಾಕ ಮತ್ತ್ಯಾಕ ರೊಕ್ಕ ಕೊಡ್ಬೇಕ್ರಿ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಹೆಚ್ಚಿಗೆ ಬೇಡ ಎಂದು ಹೇಳಿ 6,000ಕ್ಕೇ ಉಜ್ಜಿದೆ. ಆಮೇಲೆ ನೋಡಿದರೆ ಅವರ ಮಾತೇ ಸರಿ. ಡೆಬಿಟ್ ಕಾರ್ಡಿನ ಎಂಡಿಆರ್ ಅನ್ನು ವ್ಯಾಪಾರಿ ಗಿರಾಕಿಯ ಮೇಲೆ ಹಾಕದಂತೆ ನೋಡಿಕೊಳ್ಳುವ ಹೊಣೆಯನ್ನು ಅದೇ ಸುತ್ತೋಲೆ ಬ್ಯಾಂಕುಗಳ ಮೇಲೆ, ಅಂದರೆ ನಿಮ್ಮ ಮೇಲೆಯೇ ಇಟ್ಟಿದೆ. ತಡೆಯಬೇಕಾದವರೇ ಹಾಗೆ ಮಾಡಲು ಹೇಳಿಕೊಟ್ಟಿರಿ. ಅದಕ್ಕೂ ಮೊದಲು ನಾಲ್ಕು ಗಿರಾಕಿಗಳಿಂದ ನಾನು ಹಾಗೆ ಹಣ ತೆಗೆದುಕೊಂಡಿದ್ದೆ. ಮೂವರಿಗೆ ಕರೆ ಮಾಡಿ ವಾಪಸು ಕೊಟ್ಟಿದ್ದೇನೆ. ನಾಲ್ಕನೆಯವರು ಲಕ್ಷ್ಮೇಶ್ವರ ಕಡೆಯವರು, ಅವರ ನಂಬರ್ ನನ್ನ ಹತ್ತಿರ ಇಲ್ಲ.

ನನ್ನ ಕೋರಿಕೆ ಇಷ್ಟು. ಮಷಿನ್ ಕೊಟ್ಟ ದಿನದಿಂದ ಇವತ್ತಿನವರೆಗಿನ ಪ್ರತಿ ಮಾರಾಟವನ್ನು ಕಾರ್ಡುವಾರು ಬೇರ್ಪಡಿಸಿ ವಿವರ ಕೊಡಿ. ರುಪೇ ಡೆಬಿಟ್‌ಗೆ ಹಿಡಿದ ಪೂರ್ತಿ ಹಣವನ್ನೂ, ಉಳಿದ ಡೆಬಿಟ್ ಕಾರ್ಡುಗಳಿಗೆ 0.40ಕ್ಕಿಂತ ಹೆಚ್ಚು ಹಿಡಿದದ್ದನ್ನೂ, ಅವುಗಳ ಮೇಲಿನ ಜಿಎಸ್‌ಟಿ ಸಮೇತ ನನ್ನ ಖಾತೆಗೆ ಜಮಾ ಮಾಡಿ. ಮಷಿನ್ನಿನ ದರವನ್ನು ಕಾರ್ಡಿನ ಪ್ರಕಾರ ಸರಿಪಡಿಸಿ, ಸರಿಪಡಿಸಿದ್ದನ್ನು ಬರಹದಲ್ಲಿ ತಿಳಿಸಿ. ಗದಗ ಬೆಟಗೇರಿಯ ಎಷ್ಟೋ ಅಂಗಡಿಗಳಿಗೆ ಇದೇ ಪ್ರತಿನಿಧಿಯೇ ಮಷಿನ್ ಕೊಟ್ಟಿದ್ದಾರೆ, ಅವರ ಲೆಕ್ಕವನ್ನೂ ನೋಡಿ.

30 ದಿನಗಳ ಒಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಇದೇ ಪತ್ರ ಮತ್ತು ಸ್ಲಿಪ್ಪುಗಳೊಂದಿಗೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸುತ್ತೇನೆ.

ಲಗತ್ತು: ಮೂರು ಸ್ಲಿಪ್ಪುಗಳ ಜೆರಾಕ್ಸ್, ಆ ವಾರದ ಖಾತೆ ವಿವರ, ಆದಾಯ ತೆರಿಗೆ ರಿಟರ್ನ್ ಪ್ರತಿ.

ಇಂತಿ ತಮ್ಮ ವಿಶ್ವಾಸಿ,
ಅಂಗಡಿಯ ಮಾಲೀಕರು
ಬೆಟಗೇರಿ, ಗದಗ