ನೀರಿನ ಬಾಕಿ ತಪ್ಪು: ಕಡಿದ ಸಂಪರ್ಕ ಮರಳಿ ಕೊಡಲು ಕೋರಿ ಮನವಿ

ಇವರಿಗೆ,
ಕಾರ್ಯನಿರ್ವಾಹಕ ಎಂಜಿನಿಯರ್ ಅವರು,
ನೀರು ಸರಬರಾಜು ಮಂಡಳಿ, ನಮ್ಮ ಉಪವಿಭಾಗ

ವಿಷಯ: ನಾಲ್ಕು ತಿಂಗಳ ಬಾಕಿ ಎಂದು ಕೇಳಿರುವ 92,702 ಕಿಲೋಲೀಟರ್ ಲೆಕ್ಕ ರದ್ದು ಮಾಡಿ, ಸಂಪರ್ಕ ಕೂಡಲೇ ಮರಳಿ ಕೊಡುವ ಬಗ್ಗೆ

ಮಾನ್ಯರೇ,

ನಾವು 12 ಮನೆಗಳ ಒಂದೇ ಕಟ್ಟಡದ ನಿವಾಸಿಗಳು. ನಮಗಿರುವುದು ಒಂದು ಸಂಪರ್ಕ, ಒಂದು ಮೀಟರ್. ಒಂಬತ್ತು ದಿನದ ಹಿಂದೆ ನಿಮ್ಮ ಸಿಬ್ಬಂದಿ ಬಂದು ಪೈಪ್ ಕಡಿದು, ಮೀಟರನ್ನೂ ಬಿಚ್ಚಿಕೊಂಡು ಹೋದರು. ಇದು ಈ ವಿಷಯದಲ್ಲಿ ನಮ್ಮ ಆರನೇ ಪತ್ರ. ಹಿಂದಿನ ಐದಕ್ಕೂ ಸ್ವೀಕೃತಿ ಸೀಲು ಬಿದ್ದಿದೆ, ಉತ್ತರ ಮಾತ್ರ ಬಂದಿಲ್ಲ. ಆದ್ದರಿಂದ ಮತ್ತೆ ಮೊದಲಿನಿಂದ ಹೇಳುತ್ತೇವೆ. ದಯವಿಟ್ಟು ಈ ಸಲವಾದರೂ ಪೂರ್ತಿ ಓದಿ.

ಮೀಟರ್ ಮುಖದ ಮೇಲೆ ಐದು ಕಪ್ಪು ಅಂಕಿಗಳಿವೆ, ಅವುಗಳ ಬಲಕ್ಕೆ ಕೆಂಪು ಅಂಕಿಗಳಿವೆ. ಕಪ್ಪು ಕಿಲೋಲೀಟರ್, ಕೆಂಪು ಅದಕ್ಕಿಂತ ಕಡಿಮೆಯ ಚಿಲ್ಲರೆ. ಬಿಲ್ಲಿಗೆ ಬೇಕಾಗುವುದು ಕಪ್ಪು ಮಾತ್ರ. ಇದು ನಿಮಗೆ ಗೊತ್ತಿಲ್ಲದ್ದಲ್ಲ, ನಿಮ್ಮ ರೀಡರ್‌ಗೆ ಗೊತ್ತಿರಲಿಲ್ಲ. ಮಾರ್ಚ್‌ನಲ್ಲಿ ರೀಡಿಂಗ್ 4174 ಇತ್ತು. ಏಪ್ರಿಲ್‌ನಲ್ಲಿ ಕಪ್ಪು ಅಂಕಿಗಳು 04318 ತೋರಿಸುತ್ತಿದ್ದವು, ಪಕ್ಕದ ಮೊದಲ ಕೆಂಪು ಅಂಕಿ 6. ಅವರು ಮುಂದಿನ ಸೊನ್ನೆ ಬಿಟ್ಟು, ಹಿಂದಿನ ಕೆಂಪು ಆರನ್ನು ಸೇರಿಸಿ 43186 ಎಂದು ಬರೆದುಕೊಂಡರು. ನಾವು ಬಳಸಿದ್ದು 144 ಕಿಲೋಲೀಟರ್. ಬಿಲ್ ಬಂದದ್ದು 39,012 ಕಿಲೋಲೀಟರ್‌ಗೆ.

ಇಷ್ಟು ನೀರು ಆ ಪೈಪಿನಲ್ಲಿ ಬರಲು ಸಾಧ್ಯವೇ ಎಂದು ಒಬ್ಬ ಎಂಜಿನಿಯರ್ ಆದರೂ ಯೋಚಿಸಬೇಕಿತ್ತು, ಅಲ್ವಾ? ನಮ್ಮದು 25 ಮಿ.ಮೀ. ಮೀಟರ್. ಎಷ್ಟೇ ಒತ್ತಡ ಇದ್ದರೂ ಇಂಥ ಮೀಟರ್ ಗಂಟೆಗೆ 7 ಕಿಲೋಲೀಟರ್‌ಗಿಂತ ಜಾಸ್ತಿ ತಡೆಯುವುದಿಲ್ಲ. ಹಗಲು ರಾತ್ರಿ ಬಿಡದೆ ಓಡಿದರೂ ತಿಂಗಳಿಗೆ 5,040 ಕಿಲೋಲೀಟರ್. ಅಂದರೆ ನೀವು ಒಂದು ತಿಂಗಳಿಗೆ ಕೇಳಿದ ನೀರು ಬರಬೇಕಾದರೆ ನಲ್ಲಿ ಏಳೂವರೆ ತಿಂಗಳಿಗೂ ಹೆಚ್ಚು ಕಾಲ ನಿಲ್ಲದೆ ಸುರಿಯಬೇಕು. ನೀವು ನೀರು ಬಿಡುವುದು ದಿನ ಬಿಟ್ಟು ದಿನ, ಮೂರು ಗಂಟೆ. ಅದೂ ವಾಲ್ವ್‌ಮನ್ ನೆನಪಿಟ್ಟುಕೊಂಡು ತಿರುಗಿಸಿದರೆ.

ತಪ್ಪು ಅಲ್ಲಿಗೇ ನಿಂತಿದ್ದರೆ ಇಷ್ಟು ಉದ್ದದ ಪತ್ರ ಬೇಕಿರಲಿಲ್ಲ. ಮೇ ತಿಂಗಳಲ್ಲಿ ಬೇರೊಬ್ಬ ರೀಡರ್ ಬಂದು ಸರಿಯಾಗಿ 4461 ಎಂದು ಓದಿದರು. ಹಿಂದಿನ ರೀಡಿಂಗ್ 43186 ಎಂದಿರುವಾಗ 4461 ಹಾಕಿದರೆ ನಿಮ್ಮ ಕಂಪ್ಯೂಟರ್ ಒಪ್ಪಲಿಲ್ಲ. ಅವರು ‘ಮೀಟರ್ ಕೆಟ್ಟಿದೆ’ ಎಂದು ಗುರುತು ಹಾಕಿ ಹೋದರು. ಆಗ ಹಿಂದಿನ ಮೂರು ತಿಂಗಳ ಸರಾಸರಿ ಬಿಲ್ ಬಂತು. ಆ ಮೂರರಲ್ಲಿ ಒಂದು ಏಪ್ರಿಲ್! ಹಾಗಾಗಿ ಮೇ ಬಿಲ್ 13,098. ಜೂನ್‌ನಲ್ಲಿ ಸರಾಸರಿಗೆ ಏಪ್ರಿಲ್, ಮೇ ಎರಡೂ ಸೇರಿ 17,417. ಜುಲೈನಲ್ಲಿ 23,175. ನಾವು ನಲ್ಲಿಯನ್ನೇ ಮುಟ್ಟದೆ ಕೂತಿದ್ದರೂ ಈ ಲೆಕ್ಕ ಬೆಳೆಯುತ್ತಲೇ ಇರುತ್ತಿತ್ತು. ಜುಲೈ ಕೊನೆಗೆ ಮೀಟರ್ ಮುಖದಲ್ಲಿ ಇದ್ದದ್ದು 4749. ಮಾರ್ಚ್‌ನಿಂದ ಲೆಕ್ಕ ಹಾಕಿದರೆ ನಾಲ್ಕು ತಿಂಗಳಿಗೆ 575 ಕಿಲೋಲೀಟರ್. ಪ್ರತಿ ತಿಂಗಳ ಫೋಟೋ ನಮ್ಮ ಬಳಿ ಇದೆ, ಪ್ರತಿಗಳನ್ನು ಲಗತ್ತಿಸಿದ್ದೇವೆ.

ಈಗ ದೂರಿನ ಕಥೆ. ಏಪ್ರಿಲ್ ಬಿಲ್ ಬಂದ ಮೂರನೇ ದಿನವೇ ಫೋಟೋ ಸಮೇತ ಅರ್ಜಿ ಕೊಟ್ಟೆವು. ಕಂದಾಯ ವಿಭಾಗದವರು, ರೀಡಿಂಗ್ ತಪ್ಪಾದರೆ ಸಹಾಯಕ ಎಂಜಿನಿಯರ್ ಬರೆದು ಕೊಡಬೇಕು ಎಂದರು. ಎಂಜಿನಿಯರ್ ಕಚೇರಿಯಲ್ಲಿ, ಅದು ಕಂಪ್ಯೂಟರ್ ವಿಭಾಗದ ಕೆಲಸ ಎಂದರು. ಕಂಪ್ಯೂಟರ್ ವಿಭಾಗದಲ್ಲಿ ಕೂತಿದ್ದ ಹುಡುಗ, “ಸರ್, ನಮಗೆ ತಿದ್ದೋ ಅಧಿಕಾರ ಇಲ್ಲ, ಮೊದಲು ಕಟ್ಟಿಬಿಡಿ, ಆಮೇಲೆ ಅಡ್ಜಸ್ಟ್ ಮಾಡ್ತಾರೆ” ಎಂದ. 39,012 ಕಿಲೋಲೀಟರ್‌ನ ಹಣವನ್ನು ‘ಕಟ್ಟಿಬಿಡುವುದು’ ಹೇಗೆ ಎಂದು ಅವನೂ ಹೇಳಲಿಲ್ಲ. ಸಹಾಯವಾಣಿಗೆ ದೂರು ಹಾಕಿದೆವು. ಎರಡು ಸಲವೂ ಯಾರೂ ಬಾರದೆಯೇ ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು. ಅದಾಲತ್‌ನಲ್ಲಿ ಒಂದು ಬೆಳಗ್ಗೆಯೆಲ್ಲ ಕೂತೆವು. ಸ್ಥಳ ಪರಿಶೀಲನೆ ಮಾಡಿ ಎಂದು ಅಲ್ಲಿ ಬಾಯಿ ಮಾತಿನಲ್ಲಿ ಹೇಳಿದರು. ಸ್ಥಳ ಇಲ್ಲೇ ಇದೆ, ಪರಿಶೀಲನೆಯೇ ಬಂದಿಲ್ಲ.

ನಾವು ಹಣ ಕಟ್ಟದೆ ಕೂತವರೂ ಅಲ್ಲ. ಪ್ರತಿ ತಿಂಗಳು ನಿಜವಾದ ರೀಡಿಂಗ್‌ನ ಮೊತ್ತಕ್ಕೆ ಚೆಕ್ ಹಿಡಿದು ಕೌಂಟರ್‌ಗೆ ಹೋದೆವು. ‘ಪೂರ್ತಿ ಮೊತ್ತ ಇದ್ದರೆ ಮಾತ್ರ’ ಎಂದು ನಾಲ್ಕು ಸಲವೂ ವಾಪಸ್ ಕಳಿಸಿದಿರಿ. ಆಮೇಲೆ ನೀವೇ ನಮ್ಮನ್ನು ಬಾಕಿದಾರರು ಎಂದಿರಿ, ಅದರ ಮೇಲೆ ಬಡ್ಡಿ ಹಾಕಿದಿರಿ. ಒಳಚರಂಡಿ ಶುಲ್ಕವೂ ನೀರಿನ ಶುಲ್ಕದ ಇಂತಿಷ್ಟು ಭಾಗವಾದ್ದರಿಂದ ಅದೂ ಜೊತೆಗೇ ಉಬ್ಬಿದೆ.

ಮೀಟರ್ ಪರೀಕ್ಷೆಗೆ ಶುಲ್ಕ ಕಟ್ಟಿ ಎಂದು ಒಬ್ಬರು ಸಲಹೆ ಕೊಟ್ಟರು. ಯಾಕೆ? ಕೆಟ್ಟ ಮೀಟರ್ ಸಾಮಾನ್ಯವಾಗಿ ನಿಧಾನವಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ನೀರು ಬರುವ ಮುಂಚೆ ಪೈಪಿನಲ್ಲಿರುವ ಗಾಳಿ ನುಗ್ಗಿದರೂ ಒಂದಿಷ್ಟು ಜಾಸ್ತಿ ತಿರುಗಬಹುದು. 270 ಪಟ್ಟು ತಿರುಗುವುದಿಲ್ಲ. ಕೆಟ್ಟಿರುವುದು ಮೀಟರ್ ಅಲ್ಲ, ಓದಿದ ಕಣ್ಣು. ನಮ್ಮ ಆತಂಕ ಬೇರೆ. ಆ ಮೀಟರೇ ನಮ್ಮ ಸಾಕ್ಷಿ. ಅದನ್ನು ಮಹಜರು ಮಾಡದೆ, ಕೊನೆಯ ರೀಡಿಂಗ್ ಬರೆದು ಸಹಿ ಪಡೆಯದೆ, ರಸೀದಿಯೂ ಕೊಡದೆ ಚೀಲಕ್ಕೆ ಹಾಕಿಕೊಂಡು ಹೋಗಿದ್ದಾರೆ. ನಾಳೆ ‘ಮುಖ ಒಡೆದಿತ್ತು, ಓದಲಾಗಲಿಲ್ಲ’ ಎಂದರೆ ಯಾರು ಹೊಣೆ?

ಕಡಿತದ ನೋಟಿಸ್ ಬಗ್ಗೆಯೂ ಹೇಳಲೇಬೇಕು. ಅದರ ಮೇಲೆ ಹದಿನೈದು ದಿನ ಹಿಂದಿನ ತಾರೀಕಿದೆ. ಗೇಟಿಗೆ ಅಂಟಿಸಿದ್ದು ಪೈಪ್ ಕಡಿದ ದಿನ ಬೆಳಗ್ಗೆ, ಅಂಟು ಆರುವ ಮುಂಚೆಯೇ ಅಗೆತ ಶುರುವಾಗಿತ್ತು. ಅಗೆದ ಗುಂಡಿ ಇನ್ನೂ ಬಾಯಿ ತೆರೆದಿದೆ, ಮೊನ್ನೆ ಎರಡನೇ ಮಹಡಿಯ ಹಿರಿಯರು ಅದರಲ್ಲಿ ಬಿದ್ದು ಕೈ ಮುರಿದುಕೊಂಡರು. ಕಡಿದ ತುದಿಗೆ ಸರಿಯಾಗಿ ಮುಚ್ಚಳ ಹಾಕದೆ, ನೀರು ಬಿಟ್ಟ ದಿನವೆಲ್ಲ ಗುಂಡಿ ತುಂಬಿ ರಸ್ತೆಗೆ ಹರಿಯುತ್ತದೆ. ನಮಗೆ ಇಲ್ಲದ ನೀರು ರಸ್ತೆಗೆ ಇದೆ! ರಸ್ತೆ ತಿರುವಿನ ಸೋರಿಕೆಯ ಬಗ್ಗೆ ಬೇಸಿಗೆಯಲ್ಲೇ ದೂರು ಕೊಟ್ಟಿದ್ದೆವು, ಅದೂ ಹಾಗೆಯೇ ಇದೆ. ಆ ನೀರನ್ನೂ ನಮ್ಮ ಲೆಕ್ಕಕ್ಕೆ ಹಾಕಿದ್ದೀರೋ ಏನೋ.

ಆದ್ದರಿಂದ ಸಂಪರ್ಕವನ್ನು ಇವತ್ತೇ, ಮರುಸಂಪರ್ಕ ಶುಲ್ಕ ಕೇಳದೆ ಕೊಡಿ. ಲೆಕ್ಕದ ವಿಚಾರಣೆ ಅದರ ಜೊತೆಗೆ ನಡೆಯಲಿ. ಮೀಟರನ್ನು ನಮ್ಮ ಇಬ್ಬರು ಪ್ರತಿನಿಧಿಗಳ ಎದುರು ಹೊರಗೆ ತೆಗೆದು, ಓದಿ, ಮಹಜರು ಬರೆಯಿರಿ. ಏಪ್ರಿಲ್ ರೀಡಿಂಗನ್ನು 4318 ಎಂದು ತಿದ್ದಿ, ಅಲ್ಲಿಂದ ಮುಂದಿನ ಸರಾಸರಿ ಬಿಲ್‌ಗಳನ್ನೆಲ್ಲ ರದ್ದು ಮಾಡಿ, ಬಡ್ಡಿ ಮತ್ತು ಒಳಚರಂಡಿ ಶುಲ್ಕವನ್ನೂ ಅದರಂತೆ ಇಳಿಸಿ. ಇನ್ನೊಂದು ಮಾತು, ಇದರಲ್ಲಿ ಮತ್ತೆ ಮೋಸ ಹೋಗಲು ನಾವು ತಯಾರಿಲ್ಲ: 575 ಕಿಲೋಲೀಟರನ್ನು ಒಂದೇ ತಿಂಗಳಿಗೆ ತುರುಕಿ ಮೇಲಿನ ಸ್ಲ್ಯಾಬ್ ದರ ಹಾಕಬೇಡಿ. ತಿಂಗಳಿಗೊಂದರಂತೆ ನಾಲ್ಕಾಗಿ ಒಡೆದು, 12 ಮನೆಗಳ ಲೆಕ್ಕದಲ್ಲಿ ಸ್ಲ್ಯಾಬ್ ಹಚ್ಚಿ ಬಿಲ್ ಕೊಡಿ. ಆ ಮೊತ್ತದ ಚೆಕ್ ಬರೆದಿಟ್ಟಿದ್ದೇವೆ, ಬಿಲ್ ಬಂದ ದಿನವೇ ಕಟ್ಟುತ್ತೇವೆ.

ಏಳು ದಿನದೊಳಗೆ ಲಿಖಿತ ಉತ್ತರ ಬೇಕು. ಸೀಲು ಹಾಕಿದ ಇನ್ನೊಂದು ಸ್ವೀಕೃತಿ ನಮಗೆ ಬೇಡ, ಅದು ಐದು ಇವೆ.

ಇಂತಿ,
12 ಮನೆಗಳ ನಿವಾಸಿಗಳು
(ಸಹಿಗಳು ಹಿಂದಿನ ಪುಟದಲ್ಲಿ)

ಲಗತ್ತು: ಮಾರ್ಚ್‌ನಿಂದ ಜುಲೈವರೆಗಿನ ಮೀಟರ್ ಫೋಟೋಗಳು, ನಾಲ್ಕು ಬಿಲ್‌ಗಳು, ಐದು ಹಳೆಯ ಅರ್ಜಿಗಳ ಪ್ರತಿ, ಗೇಟಿನಿಂದ ಕಿತ್ತ ನೋಟಿಸ್