ಜರಿ ಎಷ್ಟು ಗ್ರಾಂ ಅಂತ ಚೀಟಿಯಲ್ಲಿ ಬರೆಸಿ: ಜವಳಿ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಜವಳಿ ಸಚಿವರಿಗೆ,

ನಮಸ್ಕಾರ. ನಾನು ಮೊಳಕಾಲ್ಮೂರಿನ ಮಗ್ಗದ ಮನೆಯವನು. ಅಪ್ಪ ನೇಯುತ್ತಿದ್ದರು, ಈಗ ತಮ್ಮ ನೇಯುತ್ತಾನೆ. ಮನೆಯ ಲೆಕ್ಕದ ಪುಸ್ತಕ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ.

ಹೋದ ವರ್ಷ ನಮ್ಮ ಅಕ್ಕನ ಬೀದಿಗೆ ಹಳೇ ಜರಿ ಸೀರೆ ಕೊಳ್ಳುವವನು ಬಂದಿದ್ದ. ಅಕ್ಕ ಎರಡು ಸೀರೆ ತಂದಿಟ್ಟಳು. ಒಂದು ಅಮ್ಮನ ಮದುವೆ ಸೀರೆ, ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ಇನ್ನೊಂದು ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಬೀಗರ ಆಸೆಯಂತೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡದ್ದು. ಅಪ್ಪಟ ಬೆಳ್ಳಿ ಜರಿ ಅಂತ ಹೇಳಿ ಕೊಟ್ಟಿದ್ದರು. ಅವನು ಎರಡರ ಅಂಚಿನಿಂದಲೂ ಒಂದೊಂದು ಎಳೆ ಕಿತ್ತು, ಕಲ್ಲಿಗೆ ಉಜ್ಜಿ ನೋಡಿದ. ಅಮ್ಮನ ಸೀರೆಯ ಎಳೆ ಬೆಳ್ಳಗೆ ಕಂಡಿತು. ಇನ್ನೊಂದು ಕೆಂಪಗೆ, ತಾಮ್ರದ ಬಣ್ಣ. ಹರಿದ ಸೀರೆಗೆ ದುಡ್ಡು ಕೊಟ್ಟ, ಹೊಸದನ್ನು ಮಡಚಿ ವಾಪಸ್ ಕೊಟ್ಟ. ಅಕ್ಕ ಆ ದಿನ ಊಟ ಮಾಡಲಿಲ್ಲ.

ಆ ಸೀರೆಗೆ ಸಿಲ್ಕ್ ಮಾರ್ಕ್ ಚೀಟಿ ಇತ್ತು. ಚೀಟಿ ಸುಳ್ಳಲ್ಲ, ರೇಷ್ಮೆ ಶುದ್ಧವಾಗಿಯೇ ಇತ್ತು. ಕೇಂದ್ರ ರೇಷ್ಮೆ ಮಂಡಳಿಯವರ ಆ ಗುರುತು ರೇಷ್ಮೆಯ ಬಗ್ಗೆ ಮಾತ್ರ ಹೇಳುತ್ತದೆ. ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗದ ಬಗ್ಗೆ ಹೇಳುತ್ತದೆ. ಜರಿಯಲ್ಲಿ ಬೆಳ್ಳಿ ಎಷ್ಟಿದೆ, ಸೀರೆಯಲ್ಲಿ ಜರಿ ಎಷ್ಟು ಗ್ರಾಂ ಇದೆ ಅನ್ನುವುದನ್ನು ಎರಡೂ ಹೇಳುವುದಿಲ್ಲ. ಆದರೆ ನಮ್ಮಂಥ ಸೀರೆ ನೇಯುವ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಜರಿಗೇ.

ನಮ್ಮ ಮನೆಯ ಒಂದು ಸೀರೆಯ ಲೆಕ್ಕ ನಿಮ್ಮ ಮುಂದಿಡುತ್ತೇನೆ. ಬೆಳ್ಳಿ ಬಂಗಾರದ ದರ ದಿನಾ ಬದಲಾಗುತ್ತದೆ. ಲೆಕ್ಕ ಸುಲಭವಾಗಲಿ ಅಂತ ಬೆಳ್ಳಿ ಗ್ರಾಂಗೆ 100 ರೂಪಾಯಿ, ಬಂಗಾರ ಗ್ರಾಂಗೆ 10,000 ಅಂತ ಇಟ್ಟುಕೊಂಡಿದ್ದೇನೆ.

ಮೊದಲು ರೇಷ್ಮೆ. ಹಾಸು, ಹೊಕ್ಕು ಸೇರಿ 550 ಗ್ರಾಂ ಹುರಿ ರೇಷ್ಮೆ ಬೇಕಾಯಿತು. ಕಿಲೋಗೆ 6,000ದಂತೆ 3,300 ರೂಪಾಯಿ. ಮಗ್ಗಕ್ಕೆ ಬರುವಾಗ ಅದು 420 ಗ್ರಾಂ ಆಗಿರುತ್ತದೆ. ಉಳಿದದ್ದು ಎಲ್ಲಿ ಹೋಯಿತು ಅಂದರೆ, ಬಣ್ಣದ ಮನೆಯಲ್ಲಿ ಕರಗಿ ಹೋಯಿತು. ಕಚ್ಚಾ ರೇಷ್ಮೆಯ ಮೇಲೆ ಅಂಟು ಇರುತ್ತದೆ. ಬಣ್ಣ ಹಾಕುವ ಮೊದಲು ಸೋಪು, ಸೋಡಾ ನೀರಿನಲ್ಲಿ ಕುದಿಸಿ ಅದನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಹೊಳಪೂ ಬರುವುದಿಲ್ಲ, ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ಹೀಗೆ ತೂಕದಲ್ಲಿ ನಾಲ್ಕನೇ ಒಂದು ಪಾಲಿನ ಹತ್ತಿರ ಹೋಗುತ್ತದೆ. ಅಂಟನ್ನು ಅರ್ಧಂಬರ್ಧ ತೆಗೆದರೆ ತೂಕ ಉಳಿಯುತ್ತದೆ. ಅಂಗಡಿಯಲ್ಲಿ ಸೀರೆಯನ್ನು ಕೈಯಲ್ಲಿ ಎತ್ತಿ ‘ಭಾರ ಇದೆ, ಒಳ್ಳೇ ಸೀರೆ’ ಅನ್ನುತ್ತೇವಲ್ವಾ? ಆ ಭಾರ ಅಂಟಿನದೂ ಇರಬಹುದು, ತಾಮ್ರದ್ದೂ ಇರಬಹುದು. ಸೀರೆಯ ಒಟ್ಟು ತೂಕ ನೋಡಿ ಏನೂ ತಿಳಿಯುವುದಿಲ್ಲ.

ಅಂಟು ತೆಗೆದು ಬಣ್ಣ ಹಾಕಲು 300. ಹಾಸು ಹೂಡುವುದು, ಕಂಡಿಕೆ ಸುತ್ತುವುದು ಇತ್ಯಾದಿಗೆ 400.

ಇನ್ನು ಜರಿ. ಈ ಸೀರೆಯ ಅಂಚು, ಸೆರಗು, ಬುಟ್ಟ ಸೇರಿ 100 ಗ್ರಾಂ. ನೂರು ಗ್ರಾಂ ಜರಿ ಅಂದರೆ ನೂರು ಗ್ರಾಂ ಬೆಳ್ಳಿ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಡುವೆ ರೇಷ್ಮೆ ಎಳೆ ಇರುತ್ತದೆ. ಅದರ ಮೇಲೆ ಚಪ್ಪಟೆ ಮಾಡಿದ ಬೆಳ್ಳಿ ತಂತಿ ಸುತ್ತಿ, ಬಂಗಾರದ ನೀರು ಹಿಡಿಸುತ್ತಾರೆ. ಬೆಳ್ಳಿಗೆ ತಾಮ್ರವೂ ಬೆರೆತಿರುತ್ತದೆ. ನಾವು ಹಾಕಿದ ಜರಿಯಲ್ಲಿ ಬೆಳ್ಳಿ 50 ಗ್ರಾಂ, ಬಂಗಾರ ಅರ್ಧ ಗ್ರಾಂ. ಬೆಳ್ಳಿಗೆ 5,000, ಬಂಗಾರಕ್ಕೆ 5,000, ಜರಿ ಮಾಡಿದವರ ಖರ್ಚು 1,000. ಒಟ್ಟು 11,000.

ನೇಯ್ಗೆ ಮಜೂರಿ 5,000. ತಮ್ಮ ಹತ್ತು ದಿನ ಮಗ್ಗದಲ್ಲಿ ಕೂತಿದ್ದಾನೆ. ತಮ್ಮನ ಹೆಂಡತಿ ಮನೆಕೆಲಸದ ನಡುವೆ ಅವನ ಜೊತೆ ದುಡಿದಿದ್ದಾಳೆ. ಅವಳಿಗೆ ಬೇರೆ ಕೂಲಿ ಇಲ್ಲ.

ಎಲ್ಲ ಸೇರಿ 20,000. ರೇಷ್ಮೆ, ಜರಿ ಕೊಟ್ಟು ನೇಯಿಸುವ ಸಾಹುಕಾರರು ಶೇಕಡಾ 10 ಸೇರಿಸಿ 22,000ಕ್ಕೆ ಅಂಗಡಿಗೆ ಕೊಟ್ಟರು. ಅಂಗಡಿಯವರು ಶೇಕಡಾ 40 ಸೇರಿಸಿದರು, 30,800 ಆಯಿತು. ಜಿಎಸ್‌ಟಿ ಶೇಕಡಾ 5 ಸೇರಿ ಕೊಂಡವರು ಕೊಟ್ಟದ್ದು 32,340.

ಅಂಗಡಿಯವರು ಲಾಭ ಮಾಡಬಾರದು ಅಂತ ನಾನು ಹೇಳುವುದಿಲ್ಲ. ಬಾಡಿಗೆ ಇದೆ, ಕೆಲಸದವರ ಸಂಬಳ ಇದೆ, ವರ್ಷಗಟ್ಟಲೆ ಮಾರಾಟವಾಗದೆ ಕೂತ ಸೀರೆಗಳಿವೆ. ಸಾಹುಕಾರರ ದುಡ್ಡೂ ತಿಂಗಳುಗಟ್ಟಲೆ ಸಿಕ್ಕಿಕೊಂಡಿರುತ್ತದೆ. ಆದರೆ ಆ ಶೇಕಡಾ 40 ಯಾವುದರ ಮೇಲೆ ಬೀಳುತ್ತಿದೆ ನೋಡಿ. ಬೆಳ್ಳಿ ಬಂಗಾರದ ಮೇಲೂ ಬೀಳುತ್ತಿದೆ. ಜರಿಯ ಪಾಲಿನ ಮೇಲೆಯೇ ಅಂಗಡಿಗೆ 4,840 ರೂಪಾಯಿ ಸಿಕ್ಕಿತು. ನನ್ನ ತಮ್ಮನ ಹತ್ತು ದಿನದ ಮಜೂರಿಗೂ ಅದಕ್ಕೂ ಹೆಚ್ಚು ಕಮ್ಮಿ ಇಲ್ಲ. ನಾಳೆ ಬೆಳ್ಳಿಯ ಬೆಲೆ ಎರಡು ಪಟ್ಟಾದರೆ ಇದೇ ಸೀರೆ ತೆರಿಗೆಗೆ ಮೊದಲೇ 7,700 ಏರುತ್ತದೆ. ಅದರಲ್ಲಿ 5,000 ಬೆಳ್ಳಿಗೆ, 500 ಸಾಹುಕಾರರಿಗೆ, 2,200 ಅಂಗಡಿಗೆ. ನೇಯ್ದವನಿಗೆ ಒಂದು ರೂಪಾಯಿಯೂ ಇಲ್ಲ.

ಬಂಗಾರದ ಅಂಗಡಿಯಲ್ಲಿ ಬಿಲ್ಲು ಹೇಗಿರುತ್ತದೆ? ತೂಕ ಬೇರೆ, ದರ ಬೇರೆ, ಮಜೂರಿ ಬೇರೆ. ಸೀರೆ ಬಿಲ್ಲಿನಲ್ಲಿ ಒಂದೇ ಸಾಲು. ಆ ಒಂದು ಸಾಲಿನಲ್ಲಿ ಏನು ಬೇಕಾದರೂ ಅಡಗುತ್ತದೆ. ಬೆಳ್ಳಿಯ ನೀರು ಹಿಡಿಸಿದ ತಾಮ್ರದ ಜರಿ, ನಮ್ಮವರು ಟೆಸ್ಟೆಡ್ ಜರಿ ಅನ್ನುವುದು, 100 ಗ್ರಾಂಗೆ ಕೆಲವು ನೂರು ರೂಪಾಯಿ ಅಷ್ಟೆ. ಆ ಜರಿ ಹಾಕಿದರೆ ಇದೇ ಸೀರೆ ಹತ್ತು ಸಾವಿರದೊಳಗೆ ಮಗ್ಗದಿಂದ ಇಳಿಯುತ್ತದೆ. ಅದೂ ಒಳ್ಳೆಯ ಸೀರೆಯೇ, ಅದನ್ನು ನೇಯುವುದರಲ್ಲಿ ತಪ್ಪಿಲ್ಲ. ಆದರೆ ಹೊಸದಾಗಿದ್ದಾಗ ಎರಡನ್ನೂ ಪಕ್ಕದಲ್ಲಿಟ್ಟರೆ ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ಹೊಸ ಸೀರೆಯ ಎಳೆ ಕಿತ್ತು ಕಲ್ಲಿಗೆ ಉಜ್ಜಲು ಯಾವ ಅಂಗಡಿಯವರು ಬಿಡುತ್ತಾರೆ?

ಸ್ವಾಮಿ, ನಾನು ಕೇಳುವುದು ಇಷ್ಟು. ಕರ್ನಾಟಕದಲ್ಲಿ ನೇಯ್ದ ಪ್ರತಿ ಜರಿ ರೇಷ್ಮೆ ಸೀರೆಗೂ ಒಂದು ಚೀಟಿ ಕಡ್ಡಾಯ ಮಾಡಿ. ಜರಿ ಯಾವ ಬಗೆ, ಎಷ್ಟು ಗ್ರಾಂ, ಅದರಲ್ಲಿ ಬೆಳ್ಳಿ ಬಂಗಾರ ಶೇಕಡಾ ಎಷ್ಟು, ನೇಯ್ಗೆ ಮಜೂರಿ ಎಷ್ಟು. ಇಷ್ಟು ಬರೆದಿದ್ದರೆ ಸಾಕು. ಅಂಗಡಿಯ ಲಾಭ ಬರೆಸಬೇಡಿ, ಅದು ಅವರ ವ್ಯಾಪಾರ.

ಇದು ಆಗದ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೇಯ್ದ ಮೇಲೆ ಜರಿಯನ್ನು ಬಿಡಿಸಿ ತೂಗಲು ಆಗುವುದಿಲ್ಲ, ನಿಜ. ಆದರೆ ಅದು ನೇಯುವ ಮೊದಲೇ ತೂಗಿ ಆಗಿರುತ್ತದೆ. ಸಾಹುಕಾರರು ಜರಿಯನ್ನು ತಕ್ಕಡಿಯಲ್ಲಿ ತೂಗಿಯೇ ನಮಗೆ ಕೊಡುತ್ತಾರೆ. ಸೀರೆ ಇಳಿದ ಮೇಲೆ ಉಳಿದ ಜರಿಯನ್ನು ತೂಗಿ ವಾಪಸ್ ತಗೊಳ್ಳುತ್ತಾರೆ. ಕಮ್ಮಿ ಬಂದರೆ ಮಜೂರಿಯಲ್ಲಿ ಹಿಡಿಯುತ್ತಾರೆ. ಅಂದರೆ ಪ್ರತಿ ಸೀರೆಗೂ ಎಷ್ಟು ಗ್ರಾಂ ಜರಿ ಹೋಯಿತು ಅನ್ನುವುದು ಈಗಲೇ ಪುಸ್ತಕದಲ್ಲಿದೆ. ಕೊಳ್ಳುವವರಿಗೆ ಮಾತ್ರ ಅದು ತಲುಪುತ್ತಿಲ್ಲ.

ಬೆಳ್ಳಿ ಎಷ್ಟಿದೆ ಅಂತ ನೋಡಲು, ಬಂಗಾರದ ಅಂಗಡಿಗಳಲ್ಲಿ ಕ್ಯಾರೆಟ್ ನೋಡುವ ಎಕ್ಸ್‌ರೇ ಯಂತ್ರದಂಥದ್ದೇ ಸಾಕು. ಎಳೆ ಕೀಳಬೇಕಿಲ್ಲ, ಸುಡಬೇಕಿಲ್ಲ. ಮೊಳಕಾಲ್ಮೂರಿನಲ್ಲಿ ಒಂದು, ಸೀರೆ ವ್ಯಾಪಾರ ನಡೆಯುವ ದೊಡ್ಡ ಊರುಗಳಲ್ಲಿ ಒಂದೊಂದು ಇಡಿಸಿ. ನಿಮ್ಮ ಸರ್ಕಾರದ್ದೇ ಆದ ಕೆಎಸ್‌ಐಸಿ, ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಬೆಳ್ಳಿ ಶೇಕಡಾ 65, ಬಂಗಾರ ಶೇಕಡಾ 0.65 ಅಂತ ಧೈರ್ಯವಾಗಿ ಹೇಳಿಕೊಳ್ಳುತ್ತದೆ. ಸರ್ಕಾರದ ಕಾರ್ಖಾನೆ ಹೇಳಬಹುದಾದರೆ ಉಳಿದವರೂ ಹೇಳಲಿ.

ಮಜೂರಿಯನ್ನು ಯಾಕೆ ಬರೆಸಬೇಕು ಅಂತ ನೀವು ಕೇಳಬಹುದು. 32,340 ಕೊಟ್ಟವರು ತಮ್ಮ ದುಡ್ಡೆಲ್ಲ ನೇಕಾರನಿಗೆ ಹೋಯಿತು ಅಂದುಕೊಂಡಿರುತ್ತಾರೆ. ಮದುವೆ ಮನೆಯಲ್ಲಿ ಎಷ್ಟೋ ಜನ ನನಗೆ ಹೇಳಿದ್ದಾರೆ, ‘ನಿಮಗೇನಪ್ಪಾ, ಸೀರೆಗೆ ಮೂವತ್ತು ಸಾವಿರ’ ಅಂತ. ಚೀಟಿಯಲ್ಲಿ 5,000 ಅಂತ ಕಂಡರೆ ಆ ಮಾತು ನಿಲ್ಲುತ್ತದೆ. ಮಜೂರಿ 6,000 ಆಗಲಿ ಅಂತ ನಾವು ಸಾಹುಕಾರರ ಹತ್ತಿರ ಕೇಳುವಾಗಲೂ ಒಂದು ಆಧಾರ ಇರುತ್ತದೆ.

ಮೇಲೆ ಹೇಳಿದ ಸೀರೆಯ ಲೆಕ್ಕ ನಮ್ಮ ಪುಸ್ತಕದಲ್ಲಿದೆ. ಜರಿ ತೂಗಿ ಕೊಟ್ಟ ದಿನ, ವಾಪಸ್ ತೂಗಿದ ದಿನ, ಎಲ್ಲ ಬರೆದಿದೆ. ನಿಮ್ಮ ಇಲಾಖೆಯ ಅಧಿಕಾರಿಗಳು ಯಾವತ್ತು ಬಂದರೂ ತೆಗೆದು ತೋರಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮೊಳಕಾಲ್ಮೂರಿನ ಒಬ್ಬ ನೇಕಾರರ ಮಗ